ಪೆಟ್ಟಿಗೆಯ ಮೇಲಿನ ‘ಮುಕ್ತ’ ಎಂಬ ಮಾತು

ಮದುವೆಯ ಮುಹೂರ್ತಗಳು ಹತ್ತಿರವಾದಾಗ ಪರಿಚಿತ ತಾಯಿಯೊಬ್ಬರು ಮಗಳಿಗಾಗಿ ತರಿಸಿದ್ದ ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲಿಟ್ಟರು. ಗುಂಗುರು ಕೂದಲನ್ನು ಮನೆಯಲ್ಲಿಯೇ ನೇರಗೊಳಿಸುವ ಕೆರಾಟಿನ್ ಕಿಟ್ ಅದು. “ಡಾಕ್ಟರ್, ಇದರಾಗ ಆ ಕೆಟ್ಟ ಕೆಮಿಕಲ್ ಇಲ್ಲ ಅಂತ ಮ್ಯಾಲೆನ ಬರದೈತ್ರಿ. ಹಚ್ಚಿದ್ರ ಏನೂ ಆಗಂಗಿಲ್ಲಲ್ರಿ?” ಎಂದು ಕೇಳಿದರು. ಪೆಟ್ಟಿಗೆಯ ಮುಂಭಾಗದಲ್ಲಿ ದಪ್ಪಕ್ಷರಗಳಲ್ಲಿ ‘ಫಾರ್ಮಾಲ್ಡಿಹೈಡ್ ಮುಕ್ತ’ ಎಂದು ಮುದ್ರಿಸಿದ್ದುದು ನಿಜ. ಆದರೆ ಅವರ ಪ್ರಶ್ನೆಗೆ ಉತ್ತರ ಮುಂಭಾಗದಲ್ಲಿರಲಿಲ್ಲ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಮತ್ತು ಒಳಗಿನ ಬಳಕೆಯ ಚೀಟಿಯಲ್ಲಿ ಇತ್ತು. ಆ ಪೆಟ್ಟಿಗೆಯನ್ನು ಅವರೊಡನೆ ಕುಳಿತು ಓದಿದ ರೀತಿಯನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಕೂದಲನ್ನು ನೇರ ಮಾಡಿಕೊಳ್ಳುವುದು ಸರಿಯೇ ತಪ್ಪೇ ಎಂಬ ಚರ್ಚೆ ಈ ಲೇಖನದ್ದಲ್ಲ. ಅದು ಅವರವರ ಇಚ್ಛೆ. ಹಣ ಕೊಟ್ಟು ತರುವ ಸೀಸೆಯಲ್ಲಿ ಏನಿದೆ ಎಂಬುದನ್ನು ತಿಳಿಯುವ ಹಕ್ಕು ಮಾತ್ರ ಎಲ್ಲರದ್ದು.

ಕೂದಲನ್ನು ನೇರವಾಗಿ ಹಿಡಿಯುವುದು ಯಾವುದು?

ಮೊದಲಿಗೆ ‘ಕೆರಾಟಿನ್’ ಎಂಬ ಹೆಸರನ್ನೇ ನೋಡೋಣ. ನಮ್ಮ ಕೂದಲು, ಉಗುರು, ಕುರಿಯ ಉಣ್ಣೆ ಎಲ್ಲವೂ ಈ ಪ್ರೋಟೀನಿನಿಂದಲೇ ಆದವು. ಕಿಟ್‌ಗಳಲ್ಲಿ ಬಳಸುವುದು ಇದನ್ನು ಒಡೆದು ನೀರಿನಲ್ಲಿ ಕರಗುವಂತೆ ಮಾಡಿದ ಚೂರುಗಳನ್ನು. ಅವು ಕೂದಲಿನ ಮೇಲ್ಮೈಗೆ ಹತ್ತಿಕೊಂಡು ಸ್ವಲ್ಪ ನುಣುಪು ಕೊಡಬಲ್ಲವು. ಕೆಲವು ಬಾರಿ ತಲೆ ತೊಳೆದರೆ ಹೊರಟುಹೋಗುತ್ತವೆ. ಗುಂಗುರನ್ನು ಮೂರು ನಾಲ್ಕು ತಿಂಗಳು ನೇರವಾಗಿ ಹಿಡಿದಿಡುವ ಶಕ್ತಿ ಅವುಗಳಿಗಿಲ್ಲ.

ಕೂದಲಿನ ಆಕಾರವನ್ನು ಎರಡು ಬಗೆಯ ಬಂಧಗಳು ಕಾಯುತ್ತವೆ. ಒಂದು, ನೀರು ತಾಗಿದರೆ ಸಡಿಲಗೊಳ್ಳುವ ದುರ್ಬಲ ಬಂಧ. ಇಸ್ತ್ರಿ ಮಾಡಿ ನೇರಗೊಳಿಸಿದ ಕೂದಲು ಮಳೆಯಲ್ಲಿ ನೆನೆದ ಕೂಡಲೇ ಮತ್ತೆ ಗುಂಗುರಾಗುವುದು ಇದರಿಂದಲೇ. ಇನ್ನೊಂದು, ಗಂಧಕದ ಪರಮಾಣುಗಳ ನಡುವಿನ ಗಟ್ಟಿ ಬಂಧ. ಬ್ಯೂಟಿ ಪಾರ್ಲರ್‌ಗಳಲ್ಲಿ ‘ರೀಬಾಂಡಿಂಗ್’ ಎಂದು ಕರೆಯುವ ವಿಧಾನದಲ್ಲಿ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕದಿಂದ ಆ ಗಂಧಕದ ಬಂಧವನ್ನೇ ಮುರಿದು, ನೇರವಾಗಿಟ್ಟು, ಮತ್ತೆ ಕೂಡಿಸುತ್ತಾರೆ. ಕೆರಾಟಿನ್ ವಿಧಾನದ ದಾರಿ ಬೇರೆ. ಅಲ್ಲಿ ಇದ್ದ ಬಂಧವನ್ನು ಮುರಿಯುವ ಬದಲು, ಕೂದಲನ್ನು ಬಿಸಿ ಸ್ಟ್ರೈಟ್ನರಿನಿಂದ ನೇರವಾಗಿ ಹಿಡಿದಿರುವಾಗಲೇ ಪ್ರೋಟೀನಿನ ಎಳೆಗಳ ನಡುವೆ ಹೊಸ ಸೇತುವೆಗಳನ್ನು ಕಟ್ಟಲಾಗುತ್ತದೆ. ಆ ಸೇತುವೆ ಕಟ್ಟುವ ಕೆಲಸದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ವಸ್ತು ಫಾರ್ಮಾಲ್ಡಿಹೈಡ್. ವೈದ್ಯಕೀಯ ಕಾಲೇಜುಗಳಲ್ಲಿ ಶವಗಳನ್ನು ಕೆಡದಂತೆ ಕಾಪಿಡುವ ಫಾರ್ಮಲಿನ್ ಎಂಬ ದ್ರವದಲ್ಲಿ ಇರುವುದೂ ಇದೇ. ಅಲ್ಲಿಯೂ ಅದು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಮಾಡುತ್ತದೆ.

ಆದ್ದರಿಂದ ‘ಫಾರ್ಮಾಲ್ಡಿಹೈಡ್ ಇಲ್ಲ, ಆದರೂ ಕೂದಲು ತಿಂಗಳುಗಟ್ಟಲೆ ನೇರವಾಗಿರುತ್ತದೆ’ ಎಂದು ಒಂದು ಕಿಟ್ ಹೇಳಿದರೆ ನಾವು ಕೇಳಬೇಕಾದ ಮರುಪ್ರಶ್ನೆ ಒಂದೇ: ಹಾಗಾದರೆ ಆ ಸೇತುವೆಯನ್ನು ಕಟ್ಟುತ್ತಿರುವುದು ಯಾವುದು? ಉತ್ತರ ‘ಕೆರಾಟಿನ್’ ಎಂದಾದರೆ ಹೇಳುವವರಿಗೆ ವಿಷಯ ತಿಳಿದಿಲ್ಲ, ಇಲ್ಲವೇ ತಿಳಿದೂ ಹೇಳುತ್ತಿಲ್ಲ.

ಹೆಸರು ಬದಲಾದರೆ ವಸ್ತು ಬದಲಾದೀತೇ?

‘ಮುಕ್ತ’ ಎಂಬ ಮಾತನ್ನು ಏಕೆ ಹಾಗೆಯೇ ನಂಬಬಾರದು ಎಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಕರಣವು ಸ್ಪಷ್ಟ ಸಾಕ್ಷಿ. 2010ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಕೇಶವಿನ್ಯಾಸಕಿಯರು ‘ಬ್ರೆಜಿಲಿಯನ್ ಬ್ಲೋಔಟ್’ ಎಂಬ ದ್ರವವನ್ನು ಬಳಸುವಾಗ ಕಣ್ಣುರಿ, ಉಸಿರಾಟದ ತೊಂದರೆ, ಮೂಗಿನಿಂದ ರಕ್ತ ಒಸರುವಿಕೆಗಳನ್ನು ಅನುಭವಿಸಿದರು. ಸೀಸೆಯ ಮೇಲೆ ‘ಫಾರ್ಮಾಲ್ಡಿಹೈಡ್ ಮುಕ್ತ’ ಎಂದಿತ್ತು. ಅಲ್ಲಿನ ಆರೋಗ್ಯ ವಿಶ್ವವಿದ್ಯಾಲಯವೂ ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆಯೂ ಮಾದರಿಗಳನ್ನು ಪರೀಕ್ಷಿಸಿದಾಗ ಫಾರ್ಮಾಲ್ಡಿಹೈಡಿನ ಸರಾಸರಿ ಪ್ರಮಾಣ ಶೇಕಡ 8ಕ್ಕೂ ಹೆಚ್ಚೆಂದು ಕಂಡುಬಂದಿತು. ಮರುವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕಂಪನಿಗೆ ಎಚ್ಚರಿಕೆಯ ಪತ್ರ ಬರೆಯಿತು. 2012ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಹೂಡಿದ್ದ ದಾವೆಯ ರಾಜಿಯಲ್ಲಿ ಕಂಪನಿಯು 6 ಲಕ್ಷ ಡಾಲರ್ ತೆರಬೇಕಾಯಿತು. ಆ ‘ಮುಕ್ತ’ ಎಂಬ ಪ್ರಚಾರವನ್ನೂ ಕೈಬಿಡಬೇಕಾಯಿತು.

ಇಲ್ಲಿ ಗಮನಿಸಬೇಕಾದುದು ಕಂಪನಿಯ ವಾದದ ಜಾಡು. ಸೀಸೆಯಲ್ಲಿರುವುದು ಫಾರ್ಮಾಲ್ಡಿಹೈಡ್ ಅಲ್ಲ, ‘ಮೆಥಿಲೀನ್ ಗ್ಲೈಕಾಲ್’ ಎಂದು ಅದು ಹೇಳಿತು. ಫಾರ್ಮಾಲ್ಡಿಹೈಡ್ ಮೂಲತಃ ಒಂದು ಅನಿಲ. ಅದನ್ನು ನೀರಿನಲ್ಲಿ ಕರಗಿಸಿದಾಗ ಬಹುಪಾಲು ನೀರಿನ ಅಣುವಿನೊಡನೆ ಸೇರಿ ಮೆಥಿಲೀನ್ ಗ್ಲೈಕಾಲ್ ಆಗುತ್ತದೆ. ಶಾಲಾ ಪುಸ್ತಕದ ದೃಷ್ಟಿಯಿಂದ ಇವು ಎರಡು ಹೆಸರುಗಳೇ. ಆದರೆ ಉಪ್ಪು ನೀರಿನಲ್ಲಿ ಕರಗಿದ ಮಾತ್ರಕ್ಕೆ ಪಾತ್ರೆಯಲ್ಲಿ ಉಪ್ಪಿಲ್ಲ ಎನ್ನಲಾದೀತೇ? ನೀರು ಆರಿದರೆ ಉಪ್ಪು ಕಾಣಿಸಿಕೊಳ್ಳುತ್ತದೆ. ಇಲ್ಲಿಯೂ ಅಷ್ಟೇ. ಹೇರ್ ಡ್ರೈಯರಿನ ಗಾಳಿಗೆ ನೀರು ಆರುತ್ತಿದ್ದಂತೆ, ಸುಮಾರು 230 ಡಿಗ್ರಿ ಸೆಲ್ಸಿಯಸ್ ಬಿಸಿಯ ಸ್ಟ್ರೈಟ್ನರ್ ಕೂದಲಿನ ಮೇಲೆ ಹರಿಯುತ್ತಿದ್ದಂತೆ, ಮೆಥಿಲೀನ್ ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್ ಅನಿಲವಾಗಿ ಹೊರಬೀಳುತ್ತದೆ. ಮುಚ್ಚಿದ ಸೀಸೆಯಲ್ಲಿ ಇರದ ಹೆಸರು ನಾವು ಉಸಿರಾಡುವ ಗಾಳಿಯಲ್ಲಿ ಇರುತ್ತದೆ.

ಅದರ ಪ್ರಮಾಣದ ಅಂದಾಜು ಸಿಗಲೆಂದು ಒಂದು ಸರಳ ಲೆಕ್ಕ ಮಾಡೋಣ. ಶೇಕಡ 8ರ ದ್ರವವನ್ನು ಒಬ್ಬರ ತಲೆಗೆ 30 ಮಿಲಿಲೀಟರ್ ಹಚ್ಚಿದರೆ ಅದರಲ್ಲಿರುವ ಫಾರ್ಮಾಲ್ಡಿಹೈಡ್ ಸುಮಾರು 2.4 ಗ್ರಾಂ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿಯಿರುತ್ತದೆ. ಅಮೆರಿಕದಲ್ಲಿ ಕೆಲಸಗಾರರಿಗೆ ಹದಿನೈದು ನಿಮಿಷಗಳ ಅವಧಿಗೆ ವಿಧಿಸಿರುವ ಗರಿಷ್ಠ ಮಿತಿ, ಗಾಳಿಯ ಹತ್ತು ಲಕ್ಷ ಭಾಗಕ್ಕೆ 2 ಭಾಗ. ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಈ ಮಿತಿ ತಲುಪಲು ಸುಮಾರು 70 ಮಿಲಿಗ್ರಾಂ ಸಾಕು. ಅಂದರೆ ಹಚ್ಚಿದ ಫಾರ್ಮಾಲ್ಡಿಹೈಡಿನಲ್ಲಿ ನೂರಕ್ಕೆ ಮೂರು ಪಾಲು ಗಾಳಿಗೆ ಸೇರಿದರೂ ಮಿತಿ ಮುಟ್ಟಿತು. ಮನೆಯ ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಕ್ಕತಂಗಿಯರು ಒಬ್ಬರಿಗೊಬ್ಬರು ಹಚ್ಚಿಕೊಳ್ಳುವುದನ್ನು ನಾನು ಬಲವಾಗಿ ವಿರೋಧಿಸುವುದು ಈ ಕಾರಣದಿಂದ.

ಈ ಅನಿಲದಿಂದ ಕೂಡಲೇ ಕಾಣುವ ತೊಂದರೆಗಳು ಕಣ್ಣುರಿ, ಗಂಟಲು ಕೆರೆತ, ಕೆಮ್ಮು, ಉಬ್ಬಸವಿದ್ದವರಲ್ಲಿ ಅದು ಕೆರಳುವುದು, ನೆತ್ತಿಯ ಚರ್ಮದಲ್ಲಿ ಅಲರ್ಜಿ. ದೀರ್ಘಕಾಲದ ವಿಷಯದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿದೆ. ಇದರರ್ಥ ಒಮ್ಮೆ ಹಚ್ಚಿಸಿಕೊಂಡವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಪ್ರಮಾಣವೂ ಕಾಲವೂ ಹೆಚ್ಚಿದಂತೆ ಅಪಾಯ ಹೆಚ್ಚುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಬರುವ ಗ್ರಾಹಕಳಿಗಿಂತ ದಿನವೂ ಮೂರು ನಾಲ್ಕು ತಲೆಗಳಿಗೆ ಇದನ್ನು ಹಚ್ಚುವ ಪಾರ್ಲರಿನ ಹೆಣ್ಣುಮಗಳ ಪಾಲಿಗೆ ಇದು ಬಹು ದೊಡ್ಡ ಪ್ರಶ್ನೆ. ಅವಳದು ಕಾಯಕ. ಆ ಕಾಯಕವೇ ಅವಳ ಉಸಿರನ್ನು ತಿನ್ನಬಾರದು.

ಬದಲಿ ಬಂದವನ ಕಥೆ

ಇನ್ನು ನಮ್ಮ ಮುಂದಿದ್ದ ಪೆಟ್ಟಿಗೆಗೆ ಮರಳೋಣ. ಅದರ ಹಿಂಬದಿಯ ಪಟ್ಟಿಯಲ್ಲಿ ಮೆಥಿಲೀನ್ ಗ್ಲೈಕಾಲ್ ಇರಲಿಲ್ಲ. ಮೊದಲು ನೀರು, ಅದರ ನಂತರವೇ ‘ಗ್ಲೈಯಾಕ್ಸಿಲಿಕ್ ಆಸಿಡ್’. ಕೆರಾಟಿನ್ ಬಂದಿದ್ದು ಪಟ್ಟಿಯ ಕೊನೆಯಲ್ಲಿ, ಸುಗಂಧದ ಪಕ್ಕದಲ್ಲಿ. ಪಟ್ಟಿಯಲ್ಲಿ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯುವುದು ನಿಯಮ. ಹಾಗಾಗಿ ಪೆಟ್ಟಿಗೆಯ ಹೆಸರಾಗಿದ್ದ ವಸ್ತು ಸೀಸೆಯಲ್ಲಿ ನೆಪಮಾತ್ರಕ್ಕಿತ್ತು, ಕೆಲಸ ಮಾಡುವ ವಸ್ತು ಗ್ಲೈಯಾಕ್ಸಿಲಿಕ್ ಆಮ್ಲವಾಗಿತ್ತು. ಒಳಗಿನ ಚೀಟಿಯಲ್ಲಿ ‘ಮುಕ್ಕಾಲು ಗಂಟೆ ಬಿಡಿ, ಒಣಗಿಸಿ, 230 ಡಿಗ್ರಿಯಲ್ಲಿ ಪ್ರತಿ ಎಳೆಯ ಮೇಲೆ ಎಂಟು ಹತ್ತು ಬಾರಿ ಸ್ಟ್ರೈಟ್ನರ್ ಹಾಯಿಸಿ, ಕಿಟಕಿ ತೆರೆದಿಡಿ’ ಎಂದಿತ್ತು. ಯಾವ ಅಪಾಯವೂ ಇಲ್ಲದಿದ್ದರೆ ಕಿಟಕಿ ತೆರೆಯಲು ಏಕೆ ಹೇಳಬೇಕು ಎಂದು ಆ ತಾಯಿಯೇ ಕೇಳಿದರು.

ಫಾರ್ಮಾಲ್ಡಿಹೈಡಿನ ಮೇಲೆ ಕಣ್ಣು ಬಿದ್ದ ಮೇಲೆ ಅದರ ಜಾಗಕ್ಕೆ ಬಂದದ್ದು ಈ ಆಮ್ಲ ಮತ್ತು ಇದರಿಂದಾದ ಇತರ ಸಂಯುಕ್ತಗಳು. ಇಂದು ‘ನ್ಯಾನೋಪ್ಲಾಸ್ಟಿಯಾ’, ‘ಹೇರ್ ಬೊಟಾಕ್ಸ್’ ಮುಂತಾದ ಹೊಸ ಹೆಸರುಗಳಲ್ಲಿ ಮಾರುವ ಅನೇಕ ದ್ರವಗಳಲ್ಲಿ ಇದು ಇರುತ್ತದೆ. ಇಂತಹ ಸಂಯುಕ್ತಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಹೊರಬಿಡಬಲ್ಲವು ಎಂಬುದು ಒಂದು ಆತಂಕ. ಅದಕ್ಕಿಂತ ಹೊಸದಾಗಿ ತಿಳಿದುಬಂದಿರುವುದು ಮೂತ್ರಪಿಂಡದ ತೊಂದರೆ.

2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ವೈದ್ಯರು ಒಬ್ಬ 26 ವರ್ಷದ ಮಹಿಳೆಯ ವಿವರ ಪ್ರಕಟಿಸಿದರು. ಆಕೆ 2020, 2021 ಮತ್ತು 2022ರಲ್ಲಿ ತಲಾ ಒಂದು ಸಲ ಸಲೂನಿನಲ್ಲಿ ಕೂದಲು ನೇರ ಮಾಡಿಸಿಕೊಂಡಿದ್ದರು. ಮೂರು ಸಲವೂ ನೆತ್ತಿಯಲ್ಲಿ ಉರಿ, ಅದರ ಬೆನ್ನಿಗೆ ವಾಂತಿ, ಭೇದಿ, ಜ್ವರ, ಬೆನ್ನುನೋವು. ಮೂರು ಸಲವೂ ಮೂತ್ರಪಿಂಡಗಳು ಹಠಾತ್ತನೆ ಕುಗ್ಗಿದವು. ಬಳಸಿದ ಕ್ರೀಮಿನಲ್ಲಿ ಶೇಕಡ 10ರಷ್ಟು ಗ್ಲೈಯಾಕ್ಸಿಲಿಕ್ ಆಮ್ಲವಿತ್ತು. ಅದೇ ಕ್ರೀಮನ್ನು ಇಲಿಗಳ ಬೆನ್ನಿಗೆ ಹಚ್ಚಿ ನೋಡಿದಾಗ ಅವುಗಳ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಕಂಡವು. ಚರ್ಮದ ಮೂಲಕ ಒಳಸೇರಿದ ಆಮ್ಲವು ದೇಹದಲ್ಲಿ ಆಕ್ಸಲೇಟ್ ಆಗಿ ಮಾರ್ಪಟ್ಟು, ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಹರಳುಗಟ್ಟುತ್ತದೆ ಎಂಬುದು ಇದರ ವಿವರಣೆ. ಅದಕ್ಕೂ ಮೊದಲೇ ಇಸ್ರೇಲಿನ ವೈದ್ಯರು ಕೂದಲು ನೇರ ಮಾಡಿಸಿಕೊಂಡ ಬಳಿಕ ಇದೇ ಬಗೆಯ ತೊಂದರೆಗೆ ಸಿಕ್ಕ 26 ಮಂದಿಯ ವರದಿ ಮಾಡಿದ್ದರು. ಅವರಲ್ಲಿ ಕೆಲವರಿಗೆ ತಾತ್ಕಾಲಿಕವಾಗಿ ಡಯಾಲಿಸಿಸ್ ಬೇಕಾಯಿತು.

ಬಳಸುವವರ ಸಂಖ್ಯೆಗೆ ಹೋಲಿಸಿದರೆ ಇವು ವಿರಳ ಘಟನೆಗಳೇ. ಆದರೂ ನೆತ್ತಿಗೆ ತಾಗುವಂತೆ ಹಚ್ಚುವುದು, ನೆತ್ತಿಯಲ್ಲಿ ಗಾಯವಿರುವುದು, ಹೆಚ್ಚು ಹೊತ್ತು ಬಿಡುವುದು ಆಮ್ಲ ಒಳಸೇರುವುದನ್ನು ಹೆಚ್ಚಿಸುವ ಸಂಗತಿಗಳು. ಇವು ಮನೆಯಲ್ಲಿ ಮಾಡಿಕೊಳ್ಳುವಾಗ ಸುಲಭವಾಗಿ ಘಟಿಸುತ್ತವೆ. ಹಾಗಾಗಿ ಗ್ಲೈಯಾಕ್ಸಿಲಿಕ್ ಆಮ್ಲವಿರುವ ಕಿಟ್ಟನ್ನು ಮನೆಗೆ ತರಲೇಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಈಗಾಗಲೇ ಮಾಡಿಸಿಕೊಂಡವರು ಗಾಬರಿಯಾಗಬೇಕಿಲ್ಲ. ಆದರೆ ಮಾಡಿಸಿಕೊಂಡ ಕೆಲವು ಗಂಟೆಗಳಿಂದ ಒಂದೆರಡು ದಿನಗಳೊಳಗೆ ವಾಂತಿ, ಸೊಂಟದ ಪಕ್ಕೆಗಳಲ್ಲಿ ನೋವು, ಮೂತ್ರ ಕಡಿಮೆಯಾಗುವುದು ಅಥವಾ ಕೆಂಪಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೂದಲು ನೇರ ಮಾಡಿಸಿಕೊಂಡ ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು, ಸಾಧ್ಯವಾದರೆ ಪೆಟ್ಟಿಗೆಯನ್ನೇ ಒಯ್ಯಬೇಕು. ಹೇಳದಿದ್ದರೆ ಅದು ಹೊಟ್ಟೆ ಕೆಟ್ಟದ್ದೆಂದು ತೋರುತ್ತದೆ. ಹೇಳಿದರೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಪರೀಕ್ಷೆಯಿಂದ ವಿಷಯ ಬೇಗ ತಿಳಿಯುತ್ತದೆ.

ಕೊಳ್ಳುವ ಮೊದಲು ಕೇಳಬೇಕಾದುದು

ಮೊದಲ ಪ್ರಶ್ನೆ ಮೇಲೆ ಹೇಳಿದ್ದೇ: ಕೂದಲನ್ನು ನೇರವಾಗಿ ಹಿಡಿಯುವ ವಸ್ತು ಯಾವುದು? ಅಂಗಡಿಯವರ ಮಾತಿನಲ್ಲಿ ಉತ್ತರ ಬೇಡ, ಪೂರ್ಣ ಪಟ್ಟಿಯನ್ನು ತೋರಿಸಲು ಹೇಳಿ. ಅದರಲ್ಲಿ ಫಾರ್ಮಲಿನ್, ಮೆಥಿಲೀನ್ ಗ್ಲೈಕಾಲ್, ಮೆಥನಾಲ್ ಅಲ್ಲ, ‘ಮೆಥನ್ಯಾಲ್’ ಎಂಬ ಹೆಸರುಗಳಿದ್ದರೆ ಅದು ಫಾರ್ಮಾಲ್ಡಿಹೈಡೇ. 50-00-0 ಎಂಬ ರಾಸಾಯನಿಕ ಸಂಖ್ಯೆಯೂ ಅದರದ್ದೇ. ‘ಗ್ಲೈಯಾಕ್ಸಿ’ ಎಂದು ಆರಂಭವಾಗುವ ಹೆಸರಿದ್ದರೆ ಅದು ಎರಡನೆಯ ಗುಂಪು. ಪಟ್ಟಿಯೇ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಜಾಲತಾಣದಲ್ಲಿ ಕೊಳ್ಳುವಾಗ ಮುಂಭಾಗದ ಚಿತ್ರವನ್ನಷ್ಟೇ ಹಾಕಿ ಹಿಂಭಾಗವನ್ನು ತೋರಿಸದ ಮಾರಾಟಗಾರರನ್ನು ಬಿಟ್ಟುಬಿಡುವುದೇ ಲೇಸು.

ಎರಡನೆಯ ಪ್ರಶ್ನೆ: ಬಿಸಿ ಮಾಡಿದಾಗ ಹೊರಬರುವ ಗಾಳಿಯನ್ನು ಪರೀಕ್ಷಿಸಿದ್ದೀರಾ? ‘ಮುಕ್ತ’ ಎಂಬುದಕ್ಕೆ ಆಧಾರವಾಗಿ ಪ್ರಯೋಗಾಲಯದ ವರದಿ ಇದೆ ಎಂದರೆ, ಅದು ತಣ್ಣನೆಯ ದ್ರವದ ವರದಿಯೋ ಇಸ್ತ್ರಿಯ ಬಿಸಿಯಲ್ಲಿ ಮಾಡಿದ್ದೋ, ನಿಮ್ಮ ಕೈಯಲ್ಲಿರುವ ಬ್ಯಾಚಿನದೋ ಬೇರೆಯದೋ ಎಂದು ಕೇಳಬೇಕು. ಪಾರ್ಲರ್ ನಡೆಸುವ ಸೋದರಿಯರು ಸರಬರಾಜುದಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಬೇಕು. ಅದರ ಮೂರನೆಯ ವಿಭಾಗದಲ್ಲಿ ವಸ್ತುಗಳೂ ಎಂಟನೆಯದರಲ್ಲಿ ಉಸಿರಾಟದ ರಕ್ಷಣೆಯೂ ಇರುತ್ತವೆ. ‘ವಾಸನೆಯೇ ಇಲ್ಲ’ ಎಂಬುದು ಸಾಕ್ಷಿಯಲ್ಲ. ಸುಗಂಧವು ಘಾಟನ್ನು ಮುಚ್ಚುತ್ತದೆ, ಮೂಗೂ ಕೆಲವು ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ಬಟ್ಟೆಯ ಅಥವಾ ಆಸ್ಪತ್ರೆಯ ನೀಲಿ ಮಾಸ್ಕ್ ಧೂಳನ್ನು ತಡೆದೀತು, ಅನಿಲವನ್ನು ತಡೆಯದು. ಕಣ್ಣಲ್ಲಿ ನೀರು ಬಂದರೆ ಅದನ್ನು ‘ಸಹಜ’ ಎಂದು ಯಾರಾದರೂ ಸಮಾಧಾನಪಡಿಸಿದರೆ ಒಪ್ಪಬೇಡಿ. ಅಲ್ಲಿಗೇ ನಿಲ್ಲಿಸಿ ತೊಳೆದು ಹೊರಗಿನ ಗಾಳಿಗೆ ಬನ್ನಿ.

ಮೂರನೆಯ ಪ್ರಶ್ನೆ: ಇದನ್ನು ತಯಾರಿಸಿದವರು ಯಾರು? ನಮ್ಮ ದೇಶದ 2020ರ ಪ್ರಸಾಧನ ನಿಯಮಗಳ ಪ್ರಕಾರ ಪೆಟ್ಟಿಗೆಯ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇರಬೇಕು. ಹೊರದೇಶದ್ದಾದರೆ ಆಮದುದಾರರ ವಿಳಾಸವೂ ನೋಂದಣಿ ಸಂಖ್ಯೆಯೂ ಬೇಕು. ನಾವು ಓದಿದ ಪೆಟ್ಟಿಗೆಯಲ್ಲಿ ‘ಮಾರಾಟ ಮಾಡುವವರು’ ಎಂಬ ಹೆಸರೊಂದಿತ್ತು, ತಯಾರಿಸಿದವರ ಸುಳಿವಿರಲಿಲ್ಲ. ಪಾರ್ಲರಿನಲ್ಲಿ ದೊಡ್ಡ ಡಬ್ಬಿಯಿಂದ ಹೆಸರಿಲ್ಲದ ಬಟ್ಟಲಿಗೆ ಸುರಿದು ತಂದರೆ ಮೂಲ ಡಬ್ಬಿಯನ್ನು ತೋರಿಸಲು ಕೇಳುವುದರಲ್ಲಿ ತಪ್ಪೇನಿಲ್ಲ. ಸುಳ್ಳು ಅಥವಾ ದಾರಿ ತಪ್ಪಿಸುವ ಲೇಬಲ್ ಇರುವ ಪ್ರಸಾಧನವನ್ನು 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯು ಅಪರಾಧದ ಸಾಲಿಗೆ ಸೇರಿಸಿದೆ. ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರವಣಿಗೆಯಲ್ಲಿ ದೂರು ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪೆಟ್ಟಿಗೆ, ರಸೀದಿ, ಉಳಿದ ದ್ರವ ಇವನ್ನು ಎಸೆಯದೆ ಇಟ್ಟುಕೊಂಡಿರಬೇಕು.

ಕೊಳ್ಳುವವರು ಇಷ್ಟೆಲ್ಲ ಕೇಳುವಂತಾದುದೇ ನಮ್ಮ ವ್ಯವಸ್ಥೆಯ ಕೊರತೆ. ಬಿಸಿಯಲ್ಲಿ ಬಳಸುವ ಯಾವುದೇ ಕೇಶ ಪ್ರಸಾಧನದ ಮೇಲೆ ‘ಫಾರ್ಮಾಲ್ಡಿಹೈಡ್ ಮುಕ್ತ’ ಎಂದು ಬರೆಯಬೇಕಾದರೆ, ಬಳಕೆಯ ಬಿಸಿಯಲ್ಲಿ ಗಾಳಿಯನ್ನು ಅಳೆದ ವರದಿ ಇರಲೇಬೇಕೆಂಬ ಷರತ್ತನ್ನು ಸರ್ಕಾರ ವಿಧಿಸಬೇಕು. ನುಡಿದಂತೆ ನಡೆಯಬೇಕೆಂಬ ಶರಣರ ನಿರೀಕ್ಷೆ ಮನುಷ್ಯರಿಗಷ್ಟೇ ಅಲ್ಲ, ಪೆಟ್ಟಿಗೆಯ ಮೇಲೆ ಅಚ್ಚಾಗುವ ಮಾತಿಗೂ ಸಲ್ಲಬೇಕು.

ಆ ತಾಯಿ ಪೆಟ್ಟಿಗೆಯನ್ನು ಮರಳಿಸಿ ಹಣ ಪಡೆದರು. ಮದುವೆಯ ದಿನ ಮಗಳು ತಲೆಗೆ ಎಣ್ಣೆ ಹಚ್ಚಿ ತೊಳೆದು, ಬರಿಯ ಸ್ಟ್ರೈಟ್ನರಿನಿಂದ ಮುಂಗೂದಲನ್ನಷ್ಟೇ ನೇರ ಮಾಡಿಕೊಂಡು, ಹಿಂದೆ ಜಡೆ ಹೆಣೆದು ಮಲ್ಲಿಗೆ ಮುಡಿದಿದ್ದಳಂತೆ. ಮರುದಿನ ನೀರು ತಾಗಿದ ಮೇಲೆ ಗುಂಗುರು ಮರಳಿತು. ಅದರಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ.